ಸಿಲಿಂಡರ್ ಕದ್ದ ಹುಡುಗ ಮತ್ತು ಗಿರ್ಮಿಟ್ ಗಾಡಿಯ ಕಾಕಾ

ತಪ್ಪು ಮಾಡಿದ ಹುಡುಗನನ್ನೂ ನಷ್ಟ ಅನುಭವಿಸಿದವರನ್ನೂ ಎದುರುಬದುರು ಕೂರಿಸುವುದು ಹುಬ್ಬಳ್ಳಿಯಲ್ಲಿ ನಡೆಯೋದಿಲ್ಲ, ಅದು ಕೊನೆಗೆ ರಾಜಿ ಪಂಚಾಯ್ತಿ ಆಗುತ್ತೆ ಅಂತ ಇಂಥ ಸಭೆ ನಡೆಸುವ ನಮ್ಮ ತಂಡದವರೇ ಹೇಳುತ್ತಿದ್ದರು. ಮೊದಲ ಎರಡು ಮೂರು ಸಭೆ ಆದದ್ದೂ ಹಾಗೆಯೇ. ಒಂದರಲ್ಲಿ ಓಣಿಯ ಹಿರಿಯರು ತಾವೇ ತೀರ್ಪು ಕೊಟ್ಟರು. ಇನ್ನೊಂದರಲ್ಲಿ ಅಪ್ಪ ಎಲ್ಲರೆದುರೇ ಹುಡುಗನಿಗೆ ಬಾರಿಸಿದ.

ಕೈಗೂಡಿದ್ದು ಗಿರ್ಮಿಟ್ ಗಾಡಿಯವರ ಕೇಸು. ಹದಿನಾರರ ಇಬ್ಬರು ಹುಡುಗರು ರಾತ್ರಿ ಗಾಡಿಯ ಗ್ಯಾಸ್ ಸಿಲಿಂಡರ್ ಎತ್ತಿ ಮಾರಿದ್ದರು. ಕಳ್ಳತನಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ, ಹಾಗಾಗಿ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದು ಸಣ್ಣ ಅಪರಾಧ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಇನ್ನೆರಡು ತಿಂಗಳು ಕೊಟ್ಟರೂ ಮುಗಿಯದಿದ್ದರೆ ಕೇಸೇ ಬಿದ್ದುಹೋಗುತ್ತದೆ. ಮುಗಿದರೂ ಹೆಚ್ಚಿನಂಶ ಬುದ್ಧಿಮಾತು ಹೇಳಿ ಕಳಿಸುವುದೇ. ಗಾಡಿಯವರಿಗೆ ಏನು ಸಿಕ್ಕಿತು?

ಒಬ್ಬ ಹುಡುಗ ಒಪ್ಪಿಕೊಂಡ. ಬಾಲನ್ಯಾಯ ಮಂಡಳಿ ಅವನ ಆದೇಶದಲ್ಲಿ ಆ ಕಾಯ್ದೆಯ 18ನೇ ಕಲಮಿನ ಗುಂಪು ಸಮಾಲೋಚನೆ ಸೇರಿಸಿತು. ಅದರಡಿ ಅವನನ್ನೂ ಗಾಡಿಯವರನ್ನೂ ಕೂರಿಸಬಹುದಿತ್ತು, ನಮಗೆ ಅಷ್ಟು ಸಾಕಿತ್ತು. ಮುಂಚೆಯೇ ಕೂರಿಸಿದರೆ ಅವನು ಅಲ್ಲಿ ಆಡಿದ ಮಾತು ಅವನಿಗೇ ಮುಳುವಾಗಬಹುದು, ಅದಕ್ಕೇ ಕಾದೆವು.

ಆಮೇಲೆ ಸುಮಾರು ಎರಡು ವಾರ ಬರೀ ತಯಾರಿ. ಪ್ರತಿಯೊಬ್ಬರ ಮನೆಗೂ ಬೇರೆ ಬೇರೆ ಹೋಗಿ, ಇನ್ನೊಬ್ಬರನ್ನು ನೋಡಲು ಇಷ್ಟ ಇದೆಯೇ ಅಂತ ಕೇಳಿದೆ. ಬೇಡ ಅಂದರೆ ಅಲ್ಲಿಗೆ ಬಿಟ್ಟೆವು ಅಂತಲೂ ಹೇಳಿದ್ದೆ. ಠಾಣೆ ಬೇಡ ಅಂತ ಶಾಲೆಯ ಕೋಣೆ ಹಿಡಿದೆ. ಚಹಾ ಮೊದಲೇ ಕೊಟ್ಟು ನೋಡಿದ್ದೂ ಉಂಟು, ಸುಮ್ನೆ ಹರಟೆ ಜಾಸ್ತಿ ಆಯ್ತು. ಈಗ ಕೊನೆಗೆ ಕೊಡುತ್ತೇನೆ. 

ಹುಡುಗ 'ತಪ್ಪಾತ್ರೀ ಕಾಕಾ' ಅಂತ ಗಿಳಿಪಾಠ ಒಪ್ಪಿಸಿದ. ಕಾಕಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. 'ಮೂರ ದಿನ ಗಾಡಿ ಹಚ್ಚಲಿಲ್ಲಪಾ. ಮಗಳ ಫೀ ಕಟ್ಟೂದಕ್ಕ ಸಾಲ ತಗೊಂಡೆ' ಅಂದರು. ಹುಡುಗ ತಲೆ ಎತ್ತಿ, 'ಎಷ್ಟ್ರೀ ಸಾಲ?' ಅಂತ ಕೇಳಿದ. ಸಭೆ ಅಲ್ಲಿಂದ ನಿಜವಾಗಿ ಶುರುವಾಯಿತು.

ನಷ್ಟ ಏಳೆಂಟು ಸಾವಿರ ಇತ್ತು. ಅವನ ಪಾಲು ನಾಲ್ಕು ಸಾವಿರದ ಆಸುಪಾಸು ಅಂತ ಲೆಕ್ಕ ಹಾಕಿದೆವು. ಬೆಳಗ್ಗೆ ಪೇಪರ್ ಹಾಕುವ ಕೆಲಸದಿಂದ ವಾರಕ್ಕೆ ಮುನ್ನೂರು ಕೊಡಬೇಕು, ಅವನೇ ಗಾಡಿಗೆ ಹೋಗಿ ಕೊಡಬೇಕು, ಅವ್ವನ ಕೈಲಿ ಕಳಿಸುವಂತಿಲ್ಲ. ನಡುವೆ ಒಂದೆರಡು ವಾರ ತಪ್ಪಿಸಿದ. ಕಾಕಾ ನನಗೆ ಫೋನ್ ಹಚ್ಚಲಿಲ್ಲ, ನೇರ ಅವನ ಮನೆಗೇ ಹೋದರು. ಪೂರ್ತಿ ತೀರಿತು.

ಅಂದಮಾತ್ರಕ್ಕೆ ಇದು ಕಳ್ಳತನ ಬಿಡಿಸುವ ಮದ್ದು ಅಂತ ನಾನು ಹೇಳೋದಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಂಥದೇ ಸಭೆಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲೂ ಹೊಡೆದಾಟದ ಹುಡುಗರಲ್ಲಿ ಮರು ಅಪರಾಧ ಇಳಿಯಿತು, ಕಳವು ಮಾಡಿದ ಹುಡುಗರಲ್ಲಿ ಹಾಗೆ ಕಾಣಲಿಲ್ಲ. ಲೈಂಗಿಕ ಅಪರಾಧದ ಕೇಸಿಗೆ ನಾನಂತೂ ಕೈ ಹಾಕೋದಿಲ್ಲ.

ಒಪ್ಪಿಕೊಳ್ಳದವನ ಜೊತೆಯೂ ಇದು ನಡೆಯೋದಿಲ್ಲ. ಆ ಇನ್ನೊಬ್ಬ ಹುಡುಗ 'ನಾನಲ್ಲ' ಅಂತಲೇ ನಿಂತ, ಅದು ಅವನ ಹಕ್ಕು. ಅವನ ಕೇಸು ತಾರೀಖಿನ ಮೇಲೆ ತಾರೀಖು ಬಿದ್ದು ಅವಧಿ ಮುಗಿದು ನಿಂತಿತು. ಆ ಅರ್ಧ ಪಾಲು ಕಾಕಾಗೆ ಬರಲೇ ಇಲ್ಲ.