ಹೋಂಸ್ಟೇ ಅತಿಥಿಗೆ ಸ್ವಂತ ಕಾರು, ಕ್ಲೇಮ್‌ಗೆ ತಾಪತ್ರಯ

ಕೊಡಗಿಗೆ ರೈಲಿಲ್ಲ. ಮೈಸೂರು ಸ್ಟೇಷನ್‌ನಲ್ಲೋ ಕಣ್ಣೂರು ವಿಮಾನ ನಿಲ್ದಾಣದಲ್ಲೋ ಇಳಿದವರನ್ನು ಹೋಂಸ್ಟೇ ಮಾಲೀಕರು ತಮ್ಮ ವೈಟ್ ಬೋರ್ಡ್ ಕಾರಿನಲ್ಲೇ ಕರೆತಂದು, ಡೀಸೆಲ್ ಲೆಕ್ಕ ಹೇಳಿ ಮೂರೂವರೆ ಸಾವಿರ ತೆಗೆದುಕೊಳ್ಳುವುದು ಇಲ್ಲಿ ಮಾಮೂಲು. ಇಂಥ ಓಡಾಟದಲ್ಲಿ ಅಪಘಾತವಾದಾಗ ಕ್ಲೇಮ್ ಕಾಗದ ಸಿದ್ಧಮಾಡಿಕೊಡುವ ಕೆಲಸ ನನ್ನದು. ಏಟು ಬೀಳುವ ಜಾಗ ಪ್ರತಿಸಲವೂ ಒಂದೇ.

ಖಾಸಗಿ ಕಾರಿನ ಪಾಲಿಸಿಯಲ್ಲಿ 'ಲಿಮಿಟೇಷನ್ಸ್ ಆಸ್ ಟು ಯೂಸ್' ಎಂಬ ಸಣ್ಣ ಪ್ಯಾರಾ ಇರುತ್ತದೆ. ಯಾವ್ಯಾವ ಬಳಕೆಗೆ ವಿಮೆ ಇಲ್ಲ ಎನ್ನುವ ಪಟ್ಟಿ ಅದು. ಅದರಲ್ಲಿ ಮೊದಲನೆಯದೇ 'ಹೈರ್ ಆರ್ ರಿವಾರ್ಡ್', ಅಂದರೆ ಬಾಡಿಗೆ ಅಥವಾ ಪ್ರತಿಫಲ. ಲಾಭ ಉಳಿಯಲೇಬೇಕು ಎಂದು ಅಲ್ಲಿ ಬರೆದಿಲ್ಲ. ಡೀಸೆಲ್ ಖರ್ಚು ಹಂಚಿಕೊಂಡರೆ ಪರವಾಗಿಲ್ಲ ಎಂದೂ ಬರೆದಿಲ್ಲ. ಒಂದೇ ಕಚೇರಿಯವರು ಕೂಡಿ ಪ್ರಯಾಣಿಸಿ ಖರ್ಚು ಹಂಚಿಕೊಂಡಾಗ ಅದನ್ನು ಬಾಡಿಗೆ ಎಂದು ಸಾಧಿಸುವುದು ವಿಮಾ ಕಂಪನಿಗೆ ಕಷ್ಟ. ಗುರುತಿಲ್ಲದವರು, ಮೊದಲೇ ನಿಗದಿಯಾದ ದರ, ಪದೇಪದೇ ಓಡಾಟ, ಈ ಮೂರೂ ಸೇರಿದರೆ ಕಷ್ಟವೇನಿಲ್ಲ. ಹೋಂಸ್ಟೇ ಪಿಕಪ್‌ನಲ್ಲಿ ಮೂರೂ ಇರುತ್ತವೆ.

ಸಿಕ್ಕಿಬೀಳುವುದು ಪಾಲಿಸಿ ಓದಿದ್ದರಿಂದಲ್ಲ, ಕಾಗದಗಳು ಒಂದಕ್ಕೊಂದು ತಾಳೆಯಾಗದೆ. ಹಾನಿ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಕೇಳುವುದು ಸರಳ: "ಎಲ್ಲಿಂದ ಎಲ್ಲಿಗೆ ಹೋಗ್ತಿದ್ರಿ? ಜೊತೆಗೆ ಯಾರಿದ್ರು? ನಿಮಗೇನಾಗಬೇಕು ಅವರು?" ಮಾಲೀಕರು "ಸ್ನೇಹಿತರು ಸಾರ್" ಎನ್ನುತ್ತಾರೆ. ಗಾಯಗೊಂಡ ಅತಿಥಿ ಠಾಣೆಯಲ್ಲಿ "ಹೋಂಸ್ಟೇಯವರು ಕಳಿಸಿದ ಬಾಡಿಗೆ ಕಾರು" ಎಂದು ಹೇಳಿಕೆ ಕೊಟ್ಟಿರುತ್ತಾರೆ. ಹೋಂಸ್ಟೇ ಬಿಲ್ಲಿನಲ್ಲಿ ಪಿಕಪ್ ಎಂದು ಬೇರೆ ಸಾಲೇ ಇರುತ್ತದೆ, ಯುಪಿಐ ಪಾವತಿಯ ಟಿಪ್ಪಣಿಯಲ್ಲೂ ಅದೇ ಪದ. ಆಗ ಬಾಡಿಗೆಯ ಪ್ರಶ್ನೆಯ ಜೊತೆಗೆ ಸುಳ್ಳು ಹೇಳಿಕೆಯ ಪ್ರಶ್ನೆಯೂ ಎದ್ದು, ಉಳಿಯಬಹುದಾಗಿದ್ದ ಕ್ಲೇಮ್ ಕೂಡ ಕೈತಪ್ಪುತ್ತದೆ. ಅದಕ್ಕೇ ಕ್ಲೇಮ್ ಫಾರಂನಲ್ಲಿ ನಾನು ನಡೆದದ್ದನ್ನೇ ಬರೆಸುತ್ತೇನೆ.

ನಿಜ ಬರೆದರೆ ಎಲ್ಲವೂ ಹೋಗುತ್ತದೆ ಎಂದೇನಿಲ್ಲ. 2010ರ ಅಮಲೇಂದು ಸಾಹೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಳಕೆಯ ಷರತ್ತು ಮುರಿದಿದೆ ಎಂಬ ಕಾರಣಕ್ಕೆ ಕ್ಲೇಮನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ, 'ನಾನ್ ಸ್ಟ್ಯಾಂಡರ್ಡ್' ಆಧಾರದಲ್ಲಿ, ಅಂದರೆ ಒಂದು ಪಾಲು ಕಡಿತ ಮಾಡಿ, ಇತ್ಯರ್ಥ ಮಾಡಬಹುದು ಎಂದಿತು. ಇಂಥ ಉಲ್ಲಂಘನೆಗೆ ಒಪ್ಪಿತ ಮೊತ್ತದ ಶೇ. 75ರವರೆಗೆ ಕೊಡುವ ಪದ್ಧತಿಯನ್ನೇ ಅದು ಎತ್ತಿ ಹೇಳಿದ್ದು.

ಲೆಕ್ಕ ಹಾಕಿ ನೋಡೋಣ. ಎರಡೂವರೆ ವರ್ಷದ ಸಣ್ಣ ಕಾರು ಮಳೆಯಲ್ಲಿ ತಿರುವಿನಲ್ಲಿ ಜಾರಿ ರಸ್ತೆ ಪಕ್ಕದ ಮಣ್ಣಿನ ಬರೆಗೆ ಬಡಿದಿದೆ ಎನ್ನಿ. ಲೋಹದ ಭಾಗ 60,000, ಪ್ಲಾಸ್ಟಿಕ್ 40,000, ಕೂಲಿ 40,000, ಒಟ್ಟು 1,40,000. ಲೋಹಕ್ಕೆ ಶೇ. 15ರಂತೆ 9,000, ಪ್ಲಾಸ್ಟಿಕ್‌ಗೆ ಶೇ. 50ರಂತೆ 20,000 ಸವಕಳಿ, ಕಡ್ಡಾಯ ಕಡಿತ 1,000. ಉಳಿಯುವುದು 1,10,000. ಅದರ ಶೇ. 75 ಎಂದರೆ 82,500. ತಿರಸ್ಕಾರದ ಪತ್ರ ಒಪ್ಪಿಕೊಂಡು ಸುಮ್ಮನಾದರೆ ಸೊನ್ನೆ.

ಆ ಪತ್ರಕ್ಕೆ ಉತ್ತರ ಬರೆಯುವಾಗ ಒತ್ತು ಕೊಡಬೇಕಾದದ್ದು ಅಪಘಾತದ ಕಾರಣಕ್ಕೆ. ಇಬ್ಬರು ಅತಿಥಿಗಳು ಹಣ ಕೊಟ್ಟು ಕೂತಿದ್ದರಿಂದ ಕಾರು ಜಾರಲಿಲ್ಲ. ಐದು ಸೀಟಿನ ಕಾರಿಗೆ ಎಂಟು ಮಂದಿ ತುಂಬಿ ಇಳಿಜಾರಿನಲ್ಲಿ ಬ್ರೇಕ್ ನಿಲ್ಲದಿದ್ದರೆ ಈ ವಾದ ನಡೆಯುವುದಿಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ಗ್ರಾಹಕ ಆಯೋಗಕ್ಕೆ ಎರಡು ವರ್ಷದ ಗಡುವು. ಅಲ್ಲಿ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ.

ಇದೆಲ್ಲ ಕಾರಿನ ರಿಪೇರಿಯ ಮಾತು. ನಿಜವಾಗಿ ಹೆದರಬೇಕಾದದ್ದು ಗಾಯಗೊಂಡವರ ಪರಿಹಾರಕ್ಕೆ. ರಸ್ತೆಯಲ್ಲಿದ್ದವರಿಗೆ ಪೆಟ್ಟಾದರೆ ನ್ಯಾಯಮಂಡಳಿ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಲಿ ಎನ್ನಬಹುದು. ವಸೂಲಿ ನೋಟಿಸು ಬರುವುದು ನಿಮ್ಮ ಮನೆಗೆ. ಬಾಡಿಗೆ ಕೊಟ್ಟು ಕೂತ ಅತಿಥಿಯ ವಿಷಯದಲ್ಲಂತೂ, ಪರ್ಮಿಟ್ ಇಲ್ಲದ ಬಾಡಿಗೆ ಎಂಬ ವಾದವನ್ನು ಕಾನೂನೇ ಕಂಪನಿಯ ಕೈಗೆ ಕೊಟ್ಟಿದೆ. ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 192ಎ ಕಲಮಿನಡಿ 10,000 ದಂಡ ಬೇರೆ.

ತಿಂಗಳಿಗೆ ಎಂಟು ಹತ್ತು ಪಿಕಪ್ ಇರುವವರಿಗೆ ಎಲ್ಲೋ ಬೋರ್ಡ್‌ಗೆ ಬದಲಾಯಿಸಲು ಹೇಳುತ್ತೇನೆ: ಸಾರಿಗೆ ನೋಂದಣಿ, ಫಿಟ್‌ನೆಸ್, ಪರ್ಮಿಟ್, ಪ್ರಯಾಣಿಕರ ವಾಹನದ ಪಾಲಿಸಿ. ಬೋರ್ಡ್ ಬದಲಿಸಿ ಹಳೆಯ ಖಾಸಗಿ ಪಾಲಿಸಿಯಲ್ಲೇ ಓಡಿಸಿದರೆ ಮತ್ತೆ ಅದೇ ಗುಂಡಿ. ತಿಂಗಳಿಗೆ ಒಂದೆರಡೇ ಆದರೆ ಟ್ಯಾಕ್ಸಿಯವರ ನಂಬರನ್ನು ಅತಿಥಿಗೆ ಕೊಟ್ಟುಬಿಡಿ. ಬಾಡಿಗೆಯನ್ನು ಅವರು ಚಾಲಕರಿಗೇ ಕೊಡಲಿ, ನಿಮ್ಮ ಬಿಲ್ಲಿನಲ್ಲಿ ಕೋಣೆ ಮತ್ತು ಊಟ ಮಾತ್ರ ಇರಲಿ.