ಕಬೋರ್ಡ್ ಹಳೆಯದೇ, ರೂಮು ಮಾತ್ರ ದೊಡ್ಡವಳದ್ದು

ಮಗಳಿಗೆ 14 ತುಂಬುವ ಹೊತ್ತಿಗೆ ಅವಳ ರೂಮು ಅವಳಿಗೇ ಮುಜುಗರ ತರುವಂತಾಗಿತ್ತು. ಗೆಳತಿಯರು ಬಂದರೆ ಹಾಲ್‌ನಲ್ಲೇ ಕೂರಿಸುತ್ತಿದ್ದಳು. ಗುಲಾಬಿ ಬಾಗಿಲಿನ ಕಬೋರ್ಡ್, ಹಳದಿ ಪುಸ್ತಕದ ಶೆಲ್ಫ್, ನೇರಳೆ ಟೇಬಲ್, ಎಲ್ಲದರ ಮೇಲೂ ಸ್ಟಿಕ್ಕರ್. ಆದರೆ ಯಾವುದೂ ಮುರಿದಿರಲಿಲ್ಲ. ಕಬೋರ್ಡ್ ಪೂರ್ತಿ ಎತ್ತರದ್ದು, ಮಂಚ ದೊಡ್ಡವರೂ ಮಲಗುವಷ್ಟು ಉದ್ದದ್ದು. ಇದನ್ನೆಲ್ಲ ಎಸೆದು ಹೊಸದು ತರೋಕೆ ನನಗೆ ಮನಸ್ಸೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಮೊದಲು ಬಾಗಿಲಲ್ಲಿ ನಿಂತು ಮೊಬೈಲಲ್ಲಿ ರೂಮಿನ ಫೋಟೋ ತೆಗೆದೆವು. ದಿನಾ ನೋಡುವ ಕಣ್ಣಿಗೆ ಬೀಳದ್ದು ಫೋಟೋದಲ್ಲಿ ಬೀಳುತ್ತದೆ. ಒಂದೇ ಗೋಡೆಯ ಹತ್ತಿರ ಏಳೆಂಟು ಬಣ್ಣ, ಒಂದಕ್ಕೊಂದು ಸಂಬಂಧವೇ ಇಲ್ಲ. ಚಿಕ್ಕ ಮಕ್ಕಳ ರೂಮು ಅಂತ ಅನ್ನಿಸುತ್ತಿದ್ದದ್ದು ಅದರಿಂದಲೇ, ವಸ್ತುಗಳಿಂದಲ್ಲ. ಹಾಗಾಗಿ ಸಾಮಾನಿಗೆಲ್ಲ ಸೇರಿ ಎರಡೇ ಬಣ್ಣ ಅಂತ ತೀರ್ಮಾನ ಮಾಡಿದೆವು. ಬಣ್ಣ ಯಾವುದು ಅನ್ನೋದು ಅವಳಿಷ್ಟ, ಹೊಡೆಯೋದು ಹೇಗೆ ಅನ್ನೋದು ನನ್ನ ಜವಾಬ್ದಾರಿ.

ಅವಳು ಕೇಳಿದ್ದು ಕಪ್ಪು. ಈ ವಯಸ್ಸಿನಲ್ಲಿ ಸುಮಾರು ಮಕ್ಕಳು ಕೇಳೋದು ಅದನ್ನೇ, ಅಲ್ವಾ? ನಾನು ಬೇಡ ಅನ್ನಲಿಲ್ಲ. ರಟ್ಟಿನ ಎರಡು ದೊಡ್ಡ ತುಂಡಿಗೆ ಬಣ್ಣ ಬಳಿದು, ಒಂದು ಕಪ್ಪು, ಒಂದು ಬೂದು ಮಿಶ್ರಿತ ಹಸಿರು, ಕಬೋರ್ಡಿಗೆ ಒರಗಿಸಿ ಇಟ್ಟೆ. ಬೆಳಿಗ್ಗೆ ನೋಡು, ರಾತ್ರಿ ಲೈಟ್ ಹಾಕಿ ನೋಡು ಅಂದೆ. ಕಪ್ಪಿನ ಮೇಲೆ ಬೆರಳಚ್ಚು, ಧೂಳು ಎರಡೂ ಎದ್ದು ಕಾಣುತ್ತಿದ್ದವು. ಅಷ್ಟು ದೊಡ್ಡ ಕಬೋರ್ಡ್ ಕಪ್ಪಾದರೆ ರೂಮಿನ ಅರ್ಧ ಅದೇ ತುಂಬಿಕೊಂಡಂತೆ ಕಾಣುತ್ತೆ ಅಂತ ಅವಳೇ ಹೇಳಿದಳು. ಕೊನೆಗೆ ಕಬೋರ್ಡ್ ಮತ್ತು ಶೆಲ್ಫಿಗೆ ಹಸಿರು, ಟೇಬಲ್ಲಿನ ಕಾಲು ಮತ್ತು ಮಂಚದ ತಲೆಭಾಗಕ್ಕೆ ಕಪ್ಪು. ಗೋಡೆಗೂ ಅದೇ ಹಸಿರಿನ ಇನ್ನೂ ತಿಳಿಯಾದ ಛಾಯೆ. ಗೋಡೆಯ ಬಣ್ಣಕ್ಕೆ ಹತ್ತಿರ ಇದ್ದರೆ ದೊಡ್ಡ ಸಾಮಾನು ಗೋಡೆಯೊಳಗೇ ಸೇರಿಹೋಗುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ.

ಇನ್ನು ಮುಖ್ಯ ಕೆಲಸ. ನಮ್ಮ ಕಬೋರ್ಡ್ ಲ್ಯಾಮಿನೇಟ್ ಅಂಟಿಸಿದ ಬೋರ್ಡಿನದು. ಮರದ ಮೇಲೆ ಹೊಡೆದ ಹಾಗೆ ಇದರ ಮೇಲೆ ನೇರವಾಗಿ ಪೈಂಟ್ ಹೊಡೆದರೆ ಮೊದಲ ವಾರ ಚೆಂದ ಕಾಣುತ್ತದೆ, ಆಮೇಲೆ ಉಗುರು ತಾಗಿದಲ್ಲೆಲ್ಲ ಸಿಪ್ಪೆ ಏಳುತ್ತದೆ. ಮರ ಬಣ್ಣವನ್ನು ಒಳಗೆ ಹೀರುತ್ತದೆ, ಲ್ಯಾಮಿನೇಟ್ ಏನನ್ನೂ ಹೀರುವುದಿಲ್ಲ. ಅಲ್ಲಿ ಬಣ್ಣ ನಿಲ್ಲಬೇಕಾದರೆ ಮೇಲ್ಮೈ ಚೊಕ್ಕಟವಾಗಿರಬೇಕು, ಸ್ವಲ್ಪ ತರಿತರಿಯಾಗಿರಬೇಕು, ನುಣುಪಾದ ಜಾಗಕ್ಕೂ ಕಚ್ಚಿಕೊಳ್ಳುವಂಥ ಪ್ರೈಮರ್ ಬೇಕು. ಈ ಮೂರರಲ್ಲಿ ಒಂದು ಬಿಟ್ಟರೂ ಮಿಕ್ಕ ಎರಡು ದಂಡ.

ಸ್ಟಿಕ್ಕರ್‌ಗಳನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮೂಲೆಯಿಂದ ಎಬ್ಬಿಸಿದೆವು. ಉಳಿದ ಅಂಟಿಗೆ ಸ್ವಲ್ಪ ಎಣ್ಣೆ ಸವರಿ, ಹೊತ್ತು ಬಿಟ್ಟು ಒರೆಸಿದರೆ ಬಂದುಬಿಡುತ್ತದೆ. ಆದರೆ ಆ ಎಣ್ಣೆಯ ಜಿಡ್ಡೇ ಪೈಂಟಿನ ಶತ್ರು. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿ, ಮತ್ತೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಒದ್ದೆ ಸಾಕು, ನೀರು ಸೋರಬಾರದು. ಬೋರ್ಡಿನ ಅಂಚಿಗೆ ನೀರು ಇಳಿದರೆ ಅದು ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಮೊದಲಿನಂತೆ ಇಳಿಯುವುದಿಲ್ಲ. ಜಿಡ್ಡು ಹೋಗಿದೆಯಾ ಅಂತ ನೋಡೋಕೆ ಬೆರಳಲ್ಲಿ ಸ್ವಲ್ಪ ನೀರು ಚಿಮುಕಿಸಿ. ಪಕ್ಕದ ಜಾಗದಲ್ಲಿ ತೆಳುವಾಗಿ ಹರಡಿ, ಒಂದು ಕಡೆ ಮಾತ್ರ ಗುಂಡು ಗುಂಡು ಹನಿಯಾಗಿ ನಿಂತರೆ ಅಲ್ಲಿ ಇನ್ನೂ ಜಿಡ್ಡಿದೆ ಅಂತ.

ಬಾಗಿಲುಗಳನ್ನು ಹಿಂಜ್ ಸಮೇತ ಬಿಚ್ಚಿ, ಯಾವ ಬಾಗಿಲು ಎಲ್ಲಿಯದು ಅಂತ ಹಿಂಜ್ ಕೂರುವ ಗುಂಡಿಯೊಳಗೆ ನಂಬರ್ ಬರೆದೆವು. ಪೈಂಟ್ ಬೀಳದ ಜಾಗ ಅದೊಂದೇ. ನೇರ ನಿಂತ ಬಾಗಿಲಿಗೆ ಹೊಡೆದರೆ ಬಣ್ಣ ಕೆಳಗೆ ಇಳಿದು ಗೆರೆ ಬೀಳುತ್ತದೆ, ಮಲಗಿಸಿ ಹೊಡೆದರೆ ಆ ಕಾಟ ಇಲ್ಲ.

ಉಪ್ಪು ಕಾಗದ ಉಜ್ಜುವಾಗ ಎಲ್ಲರೂ ಜಾಸ್ತಿ ಉಜ್ಜುತ್ತಾರೆ. ಇಲ್ಲಿ ಬೇಕಾಗಿರೋದು ಹೊಳಪು ಹೋಗೋದು ಮಾತ್ರ. 180 ಅಥವಾ 220 ನಂಬರಿನ ಕಾಗದದಲ್ಲಿ ಕೈ ಹಗುರವಾಗಿಟ್ಟು ಉಜ್ಜಿ, ಬೆಳಕಿಗೆ ಓರೆಯಾಗಿ ನೋಡಿದಾಗ ಎಲ್ಲಾ ಕಡೆ ಒಂದೇ ಸಮ ಮಂಕಾಗಿ ಕಂಡರೆ ನಿಲ್ಲಿಸಬೇಕು. ಲ್ಯಾಮಿನೇಟಿನ ಬಣ್ಣದ ಪದರ ತೀರಾ ತೆಳು. ಕೆಳಗಿನ ಕಂದು ಕಾಗದ ಇಣುಕಿದರೆ ಅತಿಯಾಯಿತು ಅಂತಲೇ ಅರ್ಥ. ಮೂಗಿಗೆ ಮಾಸ್ಕ್ ಬೇಕೇ ಬೇಕು. ನಿಮ್ಮ ಸಾಮಾನು ತುಂಬಾ ಹಳೆಯ ಕಾಲದ, ಪೈಂಟ್ ಹೊಡೆದ ಮರದ್ದಾದರೆ ಸುಮ್ನೆ ಉಜ್ಜೋಕೆ ಹೋಗಬೇಡಿ. ಹಳೆಯ ಪೈಂಟಿನಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ವಿಷ.

ಪ್ರೈಮರನ್ನು ಎಲ್ಲಕ್ಕೂ ಹೊಡೆಯುವ ಮೊದಲು ಒಂದು ಬಾಗಿಲಿನ ಒಳಮೈಯಲ್ಲಿ ಅಂಗೈಯಷ್ಟು ಜಾಗಕ್ಕೆ ಹೊಡೆದು ಒಂದು ದಿನ ಬಿಟ್ಟೆ. ಮಾರನೇ ದಿನ ಬ್ಲೇಡಿನಿಂದ ಅದರ ಮೇಲೆ ಅಡ್ಡ ಉದ್ದ ಗೀರಿ ಚಿಕ್ಕ ಚಿಕ್ಕ ಚೌಕ ಮಾಡಿ, ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಎಳೆದೆ. ಟೇಪಿಗೆ ಚೌಕಗಳೇನೂ ಅಂಟಿಕೊಂಡು ಬರಲಿಲ್ಲ. ಬಂದಿದ್ದರೆ ಪ್ರೈಮರ್ ಬದಲಿಸಬೇಕಿತ್ತು, ಇಲ್ಲಾ ಮತ್ತೆ ತೊಳೆದು ಉಜ್ಜಬೇಕಿತ್ತು. ಇಡೀ ಕೆಲಸದಲ್ಲಿ ಇದೊಂದು ದಿನ ಕಾಯುವುದನ್ನು ಮಾತ್ರ ಯಾರೂ ತಪ್ಪಿಸಬೇಡಿ.

ಪೈಂಟ್ ನೀರಿನಲ್ಲಿ ಬೆರೆಯುವ ಎನಾಮೆಲ್, ಹೊಳಪು ಕಡಿಮೆ ಇರುವ ಸ್ಯಾಟಿನ್. ಮಕ್ಕಳ ಸಾಮಾನಿಗೆ ಸಾಮಾನ್ಯವಾಗಿ ಪಳಪಳ ಹೊಳಪು ಇರುತ್ತದೆ, ಹೊಳಪು ತಗ್ಗಿದರೆ ಅದೇ ಸಾಮಾನು ಗಂಭೀರವಾಗಿ ಕಾಣುತ್ತದೆ. ಅಂಚುಗಳಿಗೆ ಮೊದಲು ಬ್ರಷ್, ಅಗಲಕ್ಕೆ 4 ಇಂಚಿನ ಫೋಮ್ ರೋಲರ್. ದಪ್ಪನೆಯ ಒಂದು ಕೋಟ್‌ಗಿಂತ ತೆಳುವಾದ ಎರಡು ಕೋಟ್ ಗಟ್ಟಿ. ನಡುವೆ 320 ನಂಬರ್ ಕಾಗದ ಸುಮ್ನೆ ಒಮ್ಮೆ ಆಡಿಸಿ, ಧೂಳು ಒರೆಸಿದೆವು.

ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವೇ ಗಂಟೆ ಸಾಕು. ಆದರೆ ಪೂರ್ತಿ ಗಟ್ಟಿಯಾಗಲು ಮೂರ್ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಬಾಗಿಲು ಒತ್ತಿ ಮುಚ್ಚಿದರೆ ಚೌಕಟ್ಟಿಗೆ ಅಂಟಿಕೊಂಡು, ತೆಗೆದಾಗ ಬಣ್ಣ ಕಿತ್ತು ಬರುತ್ತದೆ. ಬಾಗಿಲಿನ ಮೂಲೆಗೆ ಸಣ್ಣ ರಬ್ಬರ್ ಬೊಟ್ಟು ಅಂಟಿಸಿದರೆ ಈ ಸಮಸ್ಯೆ ಬರುವುದಿಲ್ಲ. ಪೋಸ್ಟರ್ ಅಂಟಿಸೋದಂತೂ ಆ ವಾರಗಳಲ್ಲಿ ಬೇಡವೇ ಬೇಡ. ವಾಸನೆ ಹೋಗುವವರೆಗೆ ಮಗಳು ನನ್ನ ಜೊತೆ ಮಲಗಿದಳು. ಅದು ಅವಳಿಗೇನೂ ಇಷ್ಟವಿರಲಿಲ್ಲ ಅನ್ನಿ.

ಹೃದಯದ ಆಕಾರದ ಪ್ಲಾಸ್ಟಿಕ್ ಹಿಡಿಕೆ ತೆಗೆದು ನೇರವಾದ ಕಪ್ಪು ಲೋಹದ ಹಿಡಿಕೆ ಹಾಕಿದೆವು. ಕೊಳ್ಳುವ ಮೊದಲು ಎರಡು ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಅಳೆಯಿರಿ. 96 ಮಿಲಿಮೀಟರ್, 128 ಮಿಲಿಮೀಟರ್ ಸಾಮಾನ್ಯ ಅಳತೆಗಳು. ಅಳತೆ ಹೊಂದಿದರೆ ಹೊಸ ತೂತು ಕೊರೆಯುವುದೇ ಬೇಡ. ನಮ್ಮದು ಹಿಂದೆ ಒಂದೇ ತೂತಿನದು, ಹಾಗಾಗಿ ಪೈಂಟಿಗೆ ಮುಂಚೆಯೇ ಇನ್ನೊಂದು ಕೊರೆಯಬೇಕಾಯಿತು.

ಮಂಚ ಮೂಲೆಗೆ ಒತ್ತಿಕೊಂಡಿತ್ತು, ಚಿಕ್ಕವಳಿದ್ದಾಗ ಬೀಳದಿರಲಿ ಅಂತ. ಅದನ್ನು ಎಳೆದು, ತಲೆಭಾಗ ಮಾತ್ರ ಗೋಡೆಗೆ ತಾಗುವಂತೆ, ಎರಡೂ ಪಕ್ಕ ಜಾಗ ಬಿಟ್ಟು ಇಟ್ಟೆವು. ಒಂದು ಪೈಸೆ ಖರ್ಚಿಲ್ಲದೆ ಅತಿ ಹೆಚ್ಚು ವ್ಯತ್ಯಾಸ ತಂದದ್ದು ಇದೇ ಅಂತ ನನ್ನ ಲೆಕ್ಕ. ರೂಮು ತೀರಾ ಇಕ್ಕಟ್ಟಾದರೆ ಇದು ಆಗುವುದಿಲ್ಲ, ಓಡಾಡೋಕೆ ಒಂದೂವರೆ ಎರಡಡಿಯಾದರೂ ಉಳಿಯಬೇಕು. ಶೆಲ್ಫನ್ನು ಜಾಗ ಬದಲಿಸಿದ ಮೇಲೆ ಮರೆಯದೆ ಮತ್ತೆ ಗೋಡೆಗೆ ಕ್ಲಾಂಪ್ ಹಾಕಿ ಬಿಗಿದೆ.

ಇಷ್ಟೆಲ್ಲ ಆದ ಮೇಲೂ ರಾತ್ರಿ ಹೊತ್ತು ರೂಮು ಕ್ಲಾಸ್‌ರೂಮಿನಂತೆಯೇ ಕಾಣುತ್ತಿತ್ತು. ಕಾರಣ ನೆತ್ತಿಯ ಮೇಲಿನ ಬಿಳಿ ಟ್ಯೂಬ್‌ಲೈಟ್. ಡಬ್ಬದ ಮೇಲೆ 6500 ಕೆ ಅಂತ ಇರುವ ಬೆಳಕು ನೀಲಿಗೆ ತಿರುಗಿದ ಬಿಳಿ, 2700 ಅಥವಾ 3000 ಕೆ ಇದ್ದರೆ ಬೆಚ್ಚಗಿನ ಹಳದಿ. ಟ್ಯೂಬ್ ತೆಗೆಯಲಿಲ್ಲ, ಕಸ ಗುಡಿಸೋಕೆ, ಏನಾದರೂ ಹುಡುಕೋಕೆ ಅದೇ ಸರಿ. ಮಂಚದ ಪಕ್ಕಕ್ಕೆ, ಶೆಲ್ಫಿನ ಮೇಲಕ್ಕೆ ಮನೆಯಲ್ಲೇ ಇದ್ದ ಎರಡು ಹಳೆಯ ದೀಪಕ್ಕೆ 2700 ಕೆ ಬಲ್ಬ್ ಹಾಕಿದೆವು. ಓದುವ ಟೇಬಲ್ಲಿಗೆ ಮಾತ್ರ 4000 ಕೆ, ಅವಳು ಬಲಗೈಯಲ್ಲಿ ಬರೆಯುವುದರಿಂದ ಎಡಗಡೆಗೆ, ಕೈ ನೆರಳು ಪುಸ್ತಕದ ಮೇಲೆ ಬೀಳದ ಹಾಗೆ. ಆ ಹಸಿರು ಬಣ್ಣ ಹಳದಿ ಬೆಳಕಲ್ಲಿ ಬೇರೆಯೇ ಕಾಣುತ್ತದೆ. ಅದಕ್ಕೇ ರಟ್ಟನ್ನು ರಾತ್ರಿ ನೋಡುವಾಗ, ಮುಂದೆ ಹಾಕುವ ಬಲ್ಬಿನ ಬೆಳಕಲ್ಲೇ ನೋಡುವುದು ಒಳ್ಳೆಯದು.

ಟೇಬಲ್ಲಿನ ಹಲಗೆಗೆ ನಾನು ಪೈಂಟ್ ಹೊಡೆಯಲಿಲ್ಲ. ಮೊಣಕೈ, ಲ್ಯಾಪ್‌ಟಾಪ್, ಕಂಪಾಸ್ ಬಾಕ್ಸ್ ದಿನಾ ಉಜ್ಜುವ ಜಾಗದಲ್ಲಿ ಯಾವ ಎನಾಮೆಲ್ಲೂ ಹೆಚ್ಚು ಕಾಲ ಚೆಂದವಾಗಿ ಇರುವುದಿಲ್ಲ. ಅದರ ಮೇಲೆ ಮರದ ಬಣ್ಣದ ವಿನೈಲ್ ಶೀಟ್ ಅಂಟಿಸಿದೆವು. ಟೇಬಲ್ ಅವಳ ಈಗಿನ ಎತ್ತರಕ್ಕೆ ಗಿಡ್ಡವೂ ಆಗಿತ್ತು, ಮೊಣಕಾಲು ಕೆಳಗಡೆ ತಾಗುತ್ತಿತ್ತು. ಬಡಗಿ ಕೊಟ್ಟ ಮರದ ತುಂಡುಗಳನ್ನು ನಾಲ್ಕೂ ಕಾಲಿನ ಅಡಿಗೆ ಸ್ಕ್ರೂ ಹಾಕಿ ಕೂರಿಸಿ, ನೆಲದಿಂದ ಹಲಗೆಗೆ 72 ಸೆಂಟಿಮೀಟರ್ ಬರುವಂತೆ ಎತ್ತರಿಸಿ, ತುಂಡುಗಳಿಗೂ ಅದೇ ಕಪ್ಪು ಬಳಿದೆ. ಈಗ ನೋಡಿದವರಿಗೆ ಅದು ಸೇರಿಸಿದ್ದು ಅಂತ ಗೊತ್ತಾಗುವುದಿಲ್ಲ. ಹೊಸದಾಗಿ ಕೊಂಡ ಒಂದೇ ಸಾಮಾನು ಕುರ್ಚಿ. ಅದೂ ಅವಳೇ ಕೂತು, ಪಾದ ನೆಲಕ್ಕೆ ಪೂರ್ತಿ ಊರಿ, ಮೊಣಕೈ ಹಲಗೆಯ ಮಟ್ಟಕ್ಕೆ ಬರುತ್ತದಾ ಅಂತ ನೋಡಿ ಆರಿಸಿದ ಸೆಕೆಂಡ್ ಹ್ಯಾಂಡ್ ಕುರ್ಚಿ.