ಆರೇ ಆರು ಟೀ-ಶರ್ಟ್ ಆರ್ಡರ್ ತಗೋಬೇಕಾ? ಪ್ರಿಂಟಿಂಗ್ ಅಂಗಡಿಗೆ ಮಿನಿಮಮ್ಮು, ಡೆಲಿವರಿ ದಿನ ಲೆಕ್ಕ ಹಾಕೋದು ಹೀಗೆ

ಹಾಸನದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟೋರಿಗೆ ಇದು ಗೊತ್ತಿರುತ್ತೆ, ಒಂದು ವಾರ ಕೆಲಸಾನೇ ಇರಲ್ಲ, ಮುಂದಿನ ವಾರ ಗಣೇಶನ ಪೆಂಡಾಲ್ ಹುಡುಗ್ರು, ಕಾಲೇಜ್ ಫೆಸ್ಟ್‌ನೋರು ಎಲ್ಲಾ ಒಟ್ಟಿಗೆ ಬರ್ತಾರೆ. ಅದರ ಮಧ್ಯ ಒಬ್ರು ಬಂದು "ಅಣ್ಣ, ಎರಡು ಕಲರ್‌ದು ಆರೇ ಪೀಸ್, ಮಾಡ್ಕೊಡಿ" ಅಂತಾರೆ. ನಾನೂ ಬಹಳ ದಿನ ಪರಿಚಯದೋರು ಅಂತ ಹೂಂ ಅಂದಿದೀನಿ, ಲೆಕ್ಕ ಬರೆದು ನೋಡಿದ ಮೇಲೇನೇ ಎಷ್ಟು ಕೈ ಬಿಟ್ಟಿದೆ ಅಂತ ಗೊತ್ತಾಗಿದ್ದು.

ಮೊದಲು ಮಿನಿಮಮ್ ಲೆಕ್ಕ. ಒಂದು ಕಲರ್‌ಗೆ ಒಂದು ಸ್ಕ್ರೀನ್ ಬೇಕು. ಫಿಲ್ಮ್ ತೆಗೆಸ್ಬೇಕು, ಎಮಲ್ಷನ್ ಬಳೀಬೇಕು, ಒಣಗಿಸಿ ಲೈಟಿಗಿಟ್ಟು ತೊಳೀಬೇಕು, ಆರು ಪೀಸ್ ಆದ್ರೂ ಅರವತ್ತು ಆದ್ರೂ ಈ ಕೆಲಸ ಅಷ್ಟೇ. ನನ್ನ ಅಂಗಡೀಲಿ ಫಿಲ್ಮ್‌ಗೆ 120, ಎಮಲ್ಷನ್ ಮತ್ತೆ ಕ್ಲೀನಿಂಗ್‌ಗೆ 80, ಒಂದೂವರೆ ಗಂಟೆ ಕೂಲಿ 300, ಒಟ್ಟು ಒಂದು ಸ್ಕ್ರೀನ್‌ಗೆ 500 ರೂಪಾಯಿ ಬೀಳುತ್ತೆ. ಟೀ-ಶರ್ಟ್ ಮಾರೋದು 220ಕ್ಕೆ, ಪ್ಲೇನ್ ಬಟ್ಟೆಗೆ 140, ಇಂಕು ಮತ್ತೆ ಹೊಡೆಯೋ ಕೂಲಿ 20 ಕಳೆದ್ರೆ ಪೀಸ್‌ಗೆ 60 ಉಳಿಯುತ್ತೆ. ಈಗ ಆ ಆರು ಪೀಸ್ ನೋಡಿ, ಉಳಿದಿದ್ದು 360, ಎರಡು ಸ್ಕ್ರೀನ್‌ಗೆ ಹೋಗಿದ್ದು 1000. ಅಂದ್ರೆ 640 ರೂಪಾಯಿ ನಾನೇ ಕೊಟ್ಟು ಪ್ರಿಂಟ್ ಮಾಡ್ಕೊಟ್ಟಂಗಾಯ್ತು.

ಸ್ಕ್ರೀನ್ ಖರ್ಚು ಹುಟ್ಟಿದ್ರೆ ಮಾತ್ರ ಸಾಲದು, ಬಾಡಿಗೆ ಕರೆಂಟು ಬಿಲ್ಲು ಕಟ್ಟೋಕೆ ಒಂದು ಆರ್ಡರ್‌ನಿಂದ ಎಷ್ಟು ಉಳೀಬೇಕು ಅಂತ ನೀವೇ ಒಂದು ಮೊತ್ತ ಇಟ್ಕೊಳಿ, ನಂದು 800. ಸ್ಕ್ರೀನ್ ಖರ್ಚಿಗೆ ಇದನ್ನ ಕೂಡಿಸಿ 60ರಿಂದ ಭಾಗಿಸಿ. ಒಂದು ಕಲರ್‌ಗೆ 1300 ಭಾಗ 60, ಅಂದ್ರೆ 22 ಪೀಸು, ನಾನು 25 ಅಂತ ಬೋರ್ಡ್ ಹಾಕಿದೀನಿ. ಎರಡು ಕಲರ್‌ಗೆ 1800 ಭಾಗ 60, ಸರಿಯಾಗಿ 30. ಎಲ್ಲಾ ಡಿಸೈನ್‌ಗೂ ಒಂದೇ ಮಿನಿಮಮ್ ಇಟ್ರೆ ಕಲರ್ ಜಾಸ್ತಿ ಇರೋ ಆರ್ಡರ್‌ನಲ್ಲಿ ದುಡ್ಡು ಹೋಗೋದು ಗೊತ್ತೇ ಆಗಲ್ಲ, ಅದಕ್ಕೇ ಕಲರ್ ಲೆಕ್ಕದಲ್ಲಿ ಇಡಿ. ಕಮ್ಮಿ ಪೀಸ್ ಕೇಳಿದೋರನ್ನ ವಾಪಸ್ ಕಳಿಸಬೇಕು ಅಂತಿಲ್ಲ, ಸ್ಕ್ರೀನ್ ಚಾರ್ಜ್ ಬೇರೆ ಬರೆದು ತೋರಿಸಿ, ಇಲ್ಲಾಂದ್ರೆ ಡಿಟಿಎಫ್ ಫಿಲ್ಮ್ ತರಿಸಿ ಹೀಟ್ ಪ್ರೆಸ್‌ನಲ್ಲಿ ಒತ್ತಿಕೊಡಿ, ಅದಕ್ಕೆ ಸ್ಕ್ರೀನೇ ಬೇಡ.

ಡೆಲಿವರಿ ದಿನ ಇದಕ್ಕಿಂತ ಕಷ್ಟ. "ಸುಮಾರು ಐದು ದಿನ" ಅಂತ ಬಾಯಿಗೆ ಬಂದಿದ್ದು ಹೇಳಬೇಡಿ. ಹಿಂದಿನ 20 ಆರ್ಡರ್ ಪುಸ್ತಕದಿಂದ ತೆಗೀರಿ, ಪ್ರತಿಯೊಂದಕ್ಕೂ ಡಿಸೈನ್ ಓಕೆ ಆದ ದಿನದಿಂದ ಮಾಲು ರೆಡಿ ಆದ ದಿನದವರೆಗೆ ಎಷ್ಟು ಕೆಲಸದ ದಿನ ಆಯ್ತು ಅಂತ ಬರೆದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ. ನನ್ನ ಪಟ್ಟೀಲಿ ನಡುವಿನ ಸಂಖ್ಯೆ 5, ಆದ್ರೆ ಹದಿನೆಂಟನೇದು 9. ಐದು ದಿನ ಅಂತ ಹೇಳ್ತಿದ್ದಾಗ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಲೇಟಾಗ್ತಿತ್ತು. 9 ಅಂತ ಹೇಳಿದ್ರೆ ಇಪ್ಪತ್ತರಲ್ಲಿ ಇಬ್ಬರಿಗೆ ಮಾತ್ರ.

ಈ ಉದ್ದದ ದಿನಗಳು ಎಲ್ಲಿಂದ ಬಂದ್ವು ಅಂತಾನೂ ನೋಡಿ. ನಂದರಲ್ಲಿ ಜಾಸ್ತಿ ಮಳೆಗಾಲದ್ದು. ಜುಲೈನಲ್ಲಿ ಗಾಳಿಲೇ ತೇವ ಇರುತ್ತೆ, ಎಮಲ್ಷನ್ ಮೇಲೆ ಒಣಗಿದಂಗೆ ಕಾಣಿಸುತ್ತೆ, ಒಳಗೆ ಹಸಿ ಇರುತ್ತೆ, ಲೈಟಿಗಿಟ್ಟು ತೊಳೆಯೋವಾಗ ಲೋಳೆಯಾಗಿ ಡಿಸೈನ್ ಸಮೇತ ಕಿತ್ಕೊಂಡು ಬರುತ್ತೆ. ಆಗ ಸ್ಕ್ರೀನ್ ಮತ್ತೆ ಮೊದಲಿಂದ. ಅದಕ್ಕೇ ಮಳೆಗಾಲದ ಪಟ್ಟಿ ಬೇರೇನೇ ಮಾಡೋದು ಒಳ್ಳೇದು.

ದಿನ ಯಾವಾಗಿಂದ ಶುರು ಅನ್ನೋದರಲ್ಲೇ ಜಗಳ ಹುಟ್ಟೋದು. ಗಿರಾಕಿ ಅಂಗಡಿಗೆ ಬಂದು ಕೇಳಿದ ದಿನದಿಂದ ಎಣಿಸ್ತಾರೆ, ನಾವು ಅಡ್ವಾನ್ಸ್ ಬಂದ ದಿನದಿಂದ. ಬಿಲ್ಲಲ್ಲೇ ಬರೀರಿ: ಅರ್ಧ ಅಡ್ವಾನ್ಸ್, ಸೈಜ್ ಲಿಸ್ಟ್, ವಾಟ್ಸಾಪ್‌ನಲ್ಲಿ ಡಿಸೈನ್‌ಗೆ ಓಕೆ, ಈ ಮೂರೂ ಬಂದ ಮಾರನೇ ದಿನ ಒಂದನೇ ದಿನ. ಆಮೇಲೆ ಅಕ್ಷರ ಬದಲಾಯಿಸಿದ್ರೆ ಎಣಿಕೆ ಹೊಸದು.

ಇನ್ನು ಸೀಸನ್. ಟೀ-ಶರ್ಟ್ ಎಷ್ಟು ಅಂತ ಅಲ್ಲ, ಹೊಡೆತ ಎಷ್ಟು ಅಂತ ಎಣಿಸಿ, 100 ಪೀಸ್ ಎರಡು ಕಲರ್ ಅಂದ್ರೆ 200 ಹೊಡೆತ. ನಮ್ಮಲ್ಲಿ ಇಬ್ಬರು ನಿಂತ್ರೆ ದಿನಕ್ಕೆ 150. ಎರಡು ದಿನದ ಕೆಲಸ ಬಾಕಿ ಇರೋದು ಮಾಮೂಲು, ಆ 9 ದಿನದಲ್ಲೇ ಅದು ಸೇರಿದೆ, ಅದರ ಮೇಲೆ ಬಾಕಿ ಇರೋ ಒಂದೊಂದು ದಿನದ ಕೆಲಸಕ್ಕೂ ಒಂದೊಂದು ದಿನ ಸೇರಿಸಿ ಹೇಳ್ತೀನಿ. ರಾಜ್ಯೋತ್ಸವದ ಮುಂಚೆ ಹಳದಿ ಟೀ-ಶರ್ಟ್ ಆರ್ಡರ್ ಬಂದು 600 ಹೊಡೆತ ಬಾಕಿ ಅಂದ್ರೆ ನಾಲ್ಕು ದಿನದ ಕೆಲಸ, ಹೇಳೋದು 11 ದಿನ. ಭಾನುವಾರ ಬಿಟ್ಟು ಹಿಂದಕ್ಕೆ ಎಣಿಸಿದ್ರೆ ಅಕ್ಟೋಬರ್ 31ಕ್ಕೆ ಬೇಕಾದೋರು 18ರೊಳಗೆ ಡಿಸೈನ್ ಓಕೆ ಮಾಡಿರಬೇಕು, ದೀಪಾವಳಿ ರಜೆ, ಹಾಸನಾಂಬ ಜಾತ್ರೆ ನಡುವೆ ಬಿದ್ರೆ ಇನ್ನೂ ಮುಂಚೆ. ಆ ತಾರೀಖನ್ನ ತಿಂಗಳ ಮೊದಲೇ ಅಂಗಡಿ ಬಾಗಿಲಿಗೆ ಅಂಟಿಸ್ತೀನಿ.